ಬದುಕಿರುವವರೆಗೆ ಮುಖ್ತ್ಯಾರ ಪತ್ರ, ಬಳಿಕ ಉಯಿಲು

ವಯಸ್ಸಾದ ತಂದೆ ಅಥವಾ ತಾಯಿ ತಮ್ಮ ಆಸ್ತಿಯ ವಿಷಯವಾಗಿ ಏನಾದರೂ ಏರ್ಪಾಡು ಮಾಡಿಡಬೇಕೆಂದು ಹೊರಟಾಗ, ಪತ್ರ ಬರಹಗಾರರ ಮುಂದೆ ಸಾಮಾನ್ಯವಾಗಿ ಎರಡು ದಸ್ತಾವೇಜುಗಳ ಪ್ರಸ್ತಾಪ ಬರುತ್ತದೆ: ಒಂದು ಉಯಿಲು, ಅಂದರೆ ಮರಣಶಾಸನ; ಇನ್ನೊಂದು ಜನರು ಜಿಪಿಎ ಎಂದೇ ಕರೆಯುವ ಮುಖ್ತ್ಯಾರ ಪತ್ರ. ಎರಡನ್ನೂ ಹಲವು ಸಲ ಒಂದೇ ದಿನ, ಅದೇ ಸಾಕ್ಷಿಗಳ ಎದುರಿನಲ್ಲಿ, ಅದೇ ಮಗ ಅಥವಾ ಮಗಳ ಹೆಸರಿಗೆ ಬರೆಯಲಾಗುತ್ತದೆ. ಆದ್ದರಿಂದ ಎರಡರ ಕೆಲಸವೂ ಹೆಚ್ಚುಕಡಿಮೆ ಒಂದೇ, ಒಂದು ಇದ್ದರೆ ಇನ್ನೊಂದು ಇಲ್ಲದಿದ್ದರೂ ನಡೆಯುತ್ತದೆ ಎಂಬ ಭಾವನೆ ಕುಟುಂಬಗಳಲ್ಲಿ ಬೇರೂರಿದೆ. ವಾಸ್ತವದಲ್ಲಿ ಈ ಎರಡು ಪತ್ರಗಳು ಒಂದೇ ಗಳಿಗೆಯಲ್ಲಿ ಜೀವಂತವಾಗಿರುವುದು ಸಾಧ್ಯವೇ ಇಲ್ಲ. ಬರೆದವರ ಸಾವಿನ ಕ್ಷಣದಲ್ಲಿ ಒಂದು ಮುಗಿಯುತ್ತದೆ, ಅದೇ ಕ್ಷಣದಲ್ಲಿ ಇನ್ನೊಂದು ಆರಂಭವಾಗುತ್ತದೆ. ಇವೆರಡರ ನಡುವಣ ಉಳಿದೆಲ್ಲ ಭೇದಗಳೂ, ಈ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲೇರುವ ಬಹುಪಾಲು ತಂಟೆಗಳೂ ಹುಟ್ಟುವುದು ಕಾಲದ ಈ ಭೇದದಿಂದಲೇ.

ಮುಖ್ತ್ಯಾರ ಪತ್ರವೆಂದರೆ ಒಬ್ಬರು ತಮ್ಮ ಪರವಾಗಿ, ತಮ್ಮ ಹೆಸರಿನಲ್ಲಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಲಿಖಿತ ಅಧಿಕಾರ. ಅದನ್ನು ಪಡೆದವರನ್ನು ಮುಖ್ತ್ಯಾರರೆಂದೂ ಏಜೆಂಟರೆಂದೂ ಕರೆಯುತ್ತಾರೆ. 1882ರ ಮುಖ್ತ್ಯಾರ ಪತ್ರಗಳ ಅಧಿನಿಯಮವು ಇದರ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ನಿಜವಾದ ನಿಯಮಗಳಿರುವುದು 1872ರ ಭಾರತೀಯ ಕರಾರು ಅಧಿನಿಯಮದಲ್ಲಿ, ಯಜಮಾನ ಮತ್ತು ಏಜೆಂಟರ ಸಂಬಂಧವನ್ನು ವಿವರಿಸುವ ಅಧ್ಯಾಯದಲ್ಲಿ. ಒಂದೇ ಗೊತ್ತಾದ ಕೆಲಸಕ್ಕೆ, ಉದಾಹರಣೆಗೆ ಒಂದು ನಿವೇಶನದ ಕ್ರಯಪತ್ರವನ್ನು ನೋಂದಣಿ ಮಾಡಿಸಲು ಕೊಟ್ಟರೆ ಅದು ವಿಶೇಷ ಮುಖ್ತ್ಯಾರ ಪತ್ರ. ಬಾಡಿಗೆ ವಸೂಲಿ, ಬ್ಯಾಂಕ್ ವ್ಯವಹಾರ, ತೆರಿಗೆ ಪಾವತಿ, ವ್ಯಾಜ್ಯ ಹೀಗೆ ಹಲವು ಕೆಲಸಗಳಿಗೆ ಒಟ್ಟಾಗಿ ಕೊಟ್ಟರೆ ಅದು ಸಾಮಾನ್ಯ ಮುಖ್ತ್ಯಾರ ಪತ್ರ, ಅಂದರೆ ಜಿಪಿಎ. ಸಾಮಾನ್ಯ ಎಂಬ ಮಾತಿನಿಂದ ಎಲ್ಲ ಅಧಿಕಾರವೂ ಬಂದಿತೆಂದು ತಿಳಿಯಲಾಗದು. ನ್ಯಾಯಾಲಯಗಳು ಇಂಥ ಪತ್ರವನ್ನು ಬಿಗಿಯಾಗಿ ಓದುತ್ತವೆ. ಮನೆಯನ್ನು ನೋಡಿಕೊಳ್ಳುವ ಅಧಿಕಾರದೊಳಗೆ ಮನೆಯನ್ನು ಮಾರುವ ಅಧಿಕಾರ ತಾನಾಗಿ ಅಡಗಿರುವುದಿಲ್ಲ, ಅದನ್ನು ಸ್ಪಷ್ಟವಾಗಿ ಬರೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಖ್ತ್ಯಾರರಿಗೆ ಆಸ್ತಿಯ ಮೇಲೆ ಒಡೆತನದ ಒಂದು ಅಂಶವೂ ದಕ್ಕುವುದಿಲ್ಲ. ಅವರು ಹಾಕುವ ಸಹಿ ಕಾನೂನಿನ ದೃಷ್ಟಿಯಲ್ಲಿ ಅಧಿಕಾರ ಕೊಟ್ಟವರದೇ ಸಹಿ. ಅವರ ಕೈಗೆ ಬಂದ ಹಣ ಅಧಿಕಾರ ಕೊಟ್ಟವರದೇ ಹಣ, ಅದಕ್ಕೆ ಲೆಕ್ಕ ಒಪ್ಪಿಸುವುದು ಅವರ ಕರ್ತವ್ಯ. ಈ ಪತ್ರ ಸಾಮಾನ್ಯವಾಗಿ ಸಹಿಯಾದ ದಿನದಿಂದಲೇ, ಅಥವಾ ಅದರಲ್ಲಿ ಬೇರೆ ದಿನ ನಮೂದಾಗಿದ್ದರೆ ಆ ದಿನದಿಂದ, ಚಲಾವಣೆಗೆ ಬರುತ್ತದೆ.

ಉಯಿಲಿನ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಉಯಿಲೆಂದರೆ ತನ್ನ ಮರಣಾನಂತರ ತನ್ನ ಆಸ್ತಿ ಏನಾಗಬೇಕೆಂಬುದರ ಬಗ್ಗೆ ಒಬ್ಬ ವ್ಯಕ್ತಿ ಮಾಡುವ ಕಾನೂನುಬದ್ಧ ಘೋಷಣೆ. ಅದು ಕರಾರಲ್ಲ, ದಾನವಲ್ಲ, ವರ್ಗಾವಣೆಯಲ್ಲ. ಬರೆದವರು ಬದುಕಿರುವಷ್ಟು ಕಾಲ ಅದರಿಂದ ಯಾರಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ಉಯಿಲಿನಲ್ಲಿ ಹೆಸರಿರುವ ಮಗನು ಅದನ್ನು ತೋರಿಸಿ ತಂದೆಯ ಮನೆಯ ಮೇಲೆ ಸಾಲ ಪಡೆಯಲಾರ, ತಂದೆ ಆ ಮನೆಯನ್ನು ಮಾರಲು ಹೊರಟರೆ ತಡೆಯಲಾರ. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು. ಅದರ ನೋಂದಣಿ ಕಡ್ಡಾಯವಲ್ಲವಾದ್ದರಿಂದ, ನೋಂದಾಯಿತವಾದ ಹಳೆಯ ಉಯಿಲನ್ನು ಕ್ರಮಬದ್ಧವಾಗಿ ಬರೆದ ನೋಂದಣಿಯಿಲ್ಲದ ಹೊಸ ಉಯಿಲು ಕೂಡ ರದ್ದುಗೊಳಿಸಬಲ್ಲದು. ಕ್ರಮವೇನೆಂದರೆ ಉಯಿಲುಕರ್ತರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡು ಅಥವಾ ಇದು ತಮ್ಮ ಸಹಿಯೇ ಎಂದು ಅವರ ಬಾಯಿಂದ ಕೇಳಿ, ಅವರ ಎದುರಿನಲ್ಲೇ ತಾವೂ ಸಹಿ ಮಾಡಬೇಕು. ಮುಸ್ಲಿಮರ ಉಯಿಲಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುವುದರಿಂದ ಈ ವಿಧಿ ಅಲ್ಲಿ ಕಡ್ಡಾಯವಲ್ಲ. ಆದರೆ ವಾರಸುದಾರರ ಸಮ್ಮತಿಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನ ಮೂಲಕ ಕೊಡಲು ಬರುವುದಿಲ್ಲ.

ಎರಡೂ ಪತ್ರಗಳಿಗೆ ಸಹಿ ಹಾಕುವ ಹೊತ್ತಿನಲ್ಲಿ ಬುದ್ಧಿ ಸ್ವಸ್ಥವಾಗಿರಬೇಕು ಎಂಬ ನಿಯಮ ಸಮಾನವಾದುದು. ಆದರೆ ಸಹಿಯಾದ ನಂತರ ಬುದ್ಧಿ ಮಸುಕಾದರೆ ಎರಡರ ಗತಿ ಬೇರೆ ಬೇರೆಯಾಗುತ್ತದೆ, ಮತ್ತು ಇದು ಅನೇಕ ವಿದ್ಯಾವಂತರಿಗೂ ತಿಳಿಯದ ಸಂಗತಿ. ಸ್ವಸ್ಥಚಿತ್ತದಲ್ಲಿ ಬರೆದ ಉಯಿಲು, ಅದನ್ನು ಬರೆದವರು ಮುಂದೆ ಮರೆಗುಳಿ ರೋಗಕ್ಕೆ ತುತ್ತಾಗಿ ಹತ್ತು ವರ್ಷ ಬದುಕಿದರೂ ಕೆಡುವುದಿಲ್ಲ. ಅದನ್ನು ಬದಲಿಸುವ ಸಾಮರ್ಥ್ಯ ಅವರಿಗೆ ಉಳಿದಿರುವುದಿಲ್ಲ, ಅಷ್ಟೆ. ಮುಖ್ತ್ಯಾರ ಪತ್ರವಾದರೋ ಹಾಗಲ್ಲ. ಕರಾರು ಅಧಿನಿಯಮದ 201ನೇ ಕಲಮು ಏಜೆನ್ಸಿ ಅಂತ್ಯಗೊಳ್ಳುವ ಸಂದರ್ಭಗಳನ್ನು ಹೇಳುವಾಗ, ಇಬ್ಬರಲ್ಲಿ ಯಾರಾದರೂ ಸತ್ತರೆ ಎಂಬುದರ ಜೊತೆಗೇ, ಇಬ್ಬರಲ್ಲಿ ಯಾರಾದರೂ ಅಸ್ವಸ್ಥಚಿತ್ತರಾದರೆ ಎಂಬುದನ್ನೂ ಸೇರಿಸಿದೆ. ಇದರ ಹಿಂದಿನ ತರ್ಕ ಸರಳವಾದುದು: ಏಜೆಂಟನು ಮಾಡುವುದೆಲ್ಲ ಯಜಮಾನನು ತಾನೇ ಮಾಡಬಹುದಾದುದನ್ನು ಮಾತ್ರ, ಯಜಮಾನನಿಗೇ ಇಲ್ಲದ ಸಾಮರ್ಥ್ಯವನ್ನು ಅವನ ಪರವಾಗಿ ಇನ್ನೊಬ್ಬನು ಚಲಾಯಿಸಲಾರನು. ತರ್ಕವೇನೋ ಶುದ್ಧವಾಗಿದೆ, ಆದರೆ ಇದರ ಫಲವಾಗಿ, ಮುಪ್ಪಿನಲ್ಲಿ ತನ್ನ ಕೈಲಾಗದಿದ್ದರೆ ಇರಲಿ ಎಂದು ಬರೆಸಿದ ಪತ್ರವು ನಿಜವಾಗಿಯೂ ಕೈಲಾಗದ ಸ್ಥಿತಿ ಒದಗಿದ ದಿನವೇ ನಿಷ್ಪ್ರಯೋಜಕವಾಗುತ್ತದೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ಇಟ್ಟು ನೋಡಬಹುದು. ಧಾರವಾಡದಲ್ಲಿ ಸ್ವಂತ ಮನೆಯುಳ್ಳ ಒಬ್ಬ ನಿವೃತ್ತ ಶಿಕ್ಷಕಿ, ಹುಬ್ಬಳ್ಳಿಯಲ್ಲಿರುವ ಮಗಳು, ಅಮೆರಿಕದಲ್ಲಿರುವ ಮಗ ಎಂದುಕೊಳ್ಳೋಣ. 2018ರಲ್ಲಿ ತಾಯಿ ಮಗಳ ಹೆಸರಿಗೆ ಜಿಪಿಎ ಬರೆದು, ಮಹಡಿಯ ಬಾಡಿಗೆ ವಸೂಲಿ, ಬ್ಯಾಂಕ್ ಖಾತೆ, ಮನೆ ತೆರಿಗೆ ಇವನ್ನು ನೋಡಿಕೊಳ್ಳುವ ಅಧಿಕಾರ ಕೊಡುತ್ತಾರೆ; ಅದೇ ವಾರದಲ್ಲಿ ಉಯಿಲು ಬರೆದು ಮನೆಯನ್ನು ಮಗಳಿಗೂ ಠೇವಣಿಗಳನ್ನು ಮಗನಿಗೂ ಬಿಡುತ್ತಾರೆ. ಮೊದಲ ನಾಲ್ಕು ವರ್ಷ ಮಗಳು ಮಾಡುವುದೆಲ್ಲ ಸಕ್ರಮವೇ, ಏಕೆಂದರೆ ತಾಯಿಗೆ ನಡೆದಾಡಲು ಕಷ್ಟವಾಗಿದ್ದರೂ ಏನು ನಡೆಯುತ್ತಿದೆಯೆಂಬ ಅರಿವು ಪೂರ್ಣವಾಗಿದೆ. ದೇಹದ ದೌರ್ಬಲ್ಯದಿಂದ ಮುಖ್ತ್ಯಾರ ಪತ್ರಕ್ಕೆ ಬಾಧೆಯಿಲ್ಲ. 2022ರಲ್ಲಿ ತಾಯಿಗೆ ಪಾರ್ಶ್ವವಾಯು ಬಡಿದು ಅರಿವು ತಪ್ಪುತ್ತದೆ. ಆಸ್ಪತ್ರೆಯ ಖರ್ಚಿಗೆ ಠೇವಣಿ ಮುರಿಸಲು ಮಗಳು ಜಿಪಿಎ ಹಿಡಿದು ಬ್ಯಾಂಕಿಗೆ ಹೋದರೆ, ತಾಯಿಯ ಸ್ಥಿತಿ ತಿಳಿದ ಮ್ಯಾನೇಜರರು ಆ ಪತ್ರದ ಮೇಲೆ ಹಣ ಕೊಡಲು ಹಿಂಜರಿಯುವುದು ಸಹಜ, ಕಾನೂನಿನ ದೃಷ್ಟಿಯಿಂದ ಸರಿಯೂ ಹೌದು. ಉಯಿಲಿನಲ್ಲಿ ಮಗನಿಗೆ ಠೇವಣಿ ಬಂದಿದೆಯಾದರೂ ತಾಯಿ ಬದುಕಿರುವುದರಿಂದ ಅವನಿಗೂ ಅದರ ಮೇಲೆ ಹಕ್ಕಿಲ್ಲ. 2023ರಲ್ಲಿ ತಾಯಿ ತೀರಿಕೊಂಡ ಮೇಲಷ್ಟೇ ಉಯಿಲಿಗೆ ಜೀವ ಬರುತ್ತದೆ. ಆಗ ಮಗಳು ಜಿಪಿಎಯನ್ನು ಬದಿಗಿಟ್ಟು, ಮರಣ ಪ್ರಮಾಣಪತ್ರ ಮತ್ತು ಉಯಿಲಿನೊಂದಿಗೆ ಮನೆಯ ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ಒಂದೊಂದೂ ತನ್ನ ಕಾಲದಲ್ಲಿ ಕೆಲಸ ಮಾಡಿದ ಎರಡು ಪತ್ರಗಳ ನಡುವೆ ಒಂದು ವರ್ಷ ಬಯಲಾಗಿ ಉಳಿಯಿತು, ಮತ್ತು ಆ ಕುಟುಂಬಕ್ಕೆ ಹಣದ ತುರ್ತು ಅತಿ ಹೆಚ್ಚಾಗಿದ್ದುದು ಆ ವರ್ಷದಲ್ಲೇ.

ಸಾವಿನೊಂದಿಗೆ ಮುಖ್ತ್ಯಾರ ಪತ್ರ ಮುಗಿಯುತ್ತದೆ ಎಂಬುದನ್ನು ಗಮನಿಸದೆ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಚುಂಚಘಟ್ಟದ ಒಂದು ಜಾಗದ ಪ್ರಕರಣ ಸ್ಪಷ್ಟವಾದ ದೃಷ್ಟಾಂತ. ಸರ್ವೋಚ್ಚ ನ್ಯಾಯಾಲಯ 2025ರ ಫೆಬ್ರವರಿ 27ರಂದು ಇದರ ತೀರ್ಪು ನೀಡಿತು. ಮಾಲೀಕರು 1986ರ ಏಪ್ರಿಲಿನಲ್ಲಿ 10,250 ರೂಪಾಯಿಗೆ ಒಬ್ಬ ಮಹಿಳೆಗೆ ಆ ಜಾಗವನ್ನು ಕೊಡಲು ಒಪ್ಪಿ, ಕ್ರಯಪತ್ರದ ಬದಲು ಒಂದು ಜಿಪಿಎಯನ್ನೂ ನೋಂದಣಿಯಾಗದ ಒಂದು ಕ್ರಯದ ಕರಾರನ್ನೂ ಬರೆದುಕೊಟ್ಟರು. 1997ರ ಜನವರಿಯಲ್ಲಿ ಮಾಲೀಕರು ತೀರಿಕೊಂಡರು. ಮರುವರ್ಷ ಏಪ್ರಿಲಿನಲ್ಲಿ ಆ ಮಹಿಳೆ ಹಳೆಯ ಜಿಪಿಎಯ ಬಲದಿಂದ ಅದೇ ಜಾಗವನ್ನು ತಮ್ಮ ಮಗನಿಗೆ ನೋಂದಾಯಿತ ಕ್ರಯಪತ್ರದ ಮೂಲಕ ಮಾರಿದರು. 2003ರಲ್ಲಿ ಮಾಲೀಕರ ವಾರಸುದಾರರು ಅದನ್ನು ಬೇರೊಬ್ಬರಿಗೆ ಮಾರಿದರು, ಅಲ್ಲಿಂದ ವ್ಯಾಜ್ಯ ಬೆಳೆಯಿತು. ಮಗನ ಪರವಾದ ಮುಖ್ಯ ವಾದವೆಂದರೆ, ತಾಯಿ ಪೂರ್ತಿ ಹಣ ಕೊಟ್ಟಿದ್ದರಿಂದ ಆ ಜಿಪಿಎ ಬರಿಯ ಅಧಿಕಾರವಾಗಿರದೆ ಅವರ ಸ್ವಂತ ಹಿತಾಸಕ್ತಿಯೊಂದಿಗೆ ಬೆಸೆದುಕೊಂಡಿತ್ತು, ಹೀಗಾಗಿ ಮಾಲೀಕರ ಸಾವಿನಿಂದ ಅದು ಅಂತ್ಯವಾಗಲಿಲ್ಲ ಎಂಬುದು.

ಈ ವಾದಕ್ಕೆ ಕಾನೂನಿನಲ್ಲಿ ಒಂದು ಆಧಾರವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಏಜೆನ್ಸಿಯ ವಸ್ತುವಾಗಿರುವ ಆಸ್ತಿಯಲ್ಲಿ ಏಜೆಂಟನಿಗೇ ಹಿತಾಸಕ್ತಿಯಿದ್ದರೆ ಆ ಹಿತಕ್ಕೆ ಧಕ್ಕೆಯಾಗುವಂತೆ ಏಜೆನ್ಸಿಯನ್ನು ಕೊನೆಗಾಣಿಸಲಾಗದೆಂದು ಕರಾರು ಅಧಿನಿಯಮದ 202ನೇ ಕಲಮು ಹೇಳುತ್ತದೆ. ಸಾಲ ಕೊಟ್ಟವನಿಗೆ, ಸಾಲಗಾರನ ಜಮೀನನ್ನು ಮಾರಿ ಬಾಕಿಯನ್ನು ಮುರಿದುಕೊಳ್ಳುವ ಅಧಿಕಾರ ಕೊಟ್ಟಿದ್ದರೆ ಅದು ಈ ಬಗೆಯದು. ಆದರೆ ಸರ್ವೋಚ್ಚ ನ್ಯಾಯಾಲಯ ಜಿಪಿಎಯ ಒಕ್ಕಣೆಯನ್ನೇ ಓದಿ, ಅದು ಆಸ್ತಿಯನ್ನು ನೋಡಿಕೊಳ್ಳುವ ಸಾಮಾನ್ಯ ಅಧಿಕಾರವೇ ಹೊರತು ಏಜೆಂಟರ ಹಿತವನ್ನು ಭದ್ರಪಡಿಸಲು ಬರೆದದ್ದಲ್ಲವೆಂದೂ, ನೋಂದಣಿಯಾಗದ ಕ್ರಯದ ಕರಾರಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲವೆಂದೂ ತೀರ್ಮಾನಿಸಿ, ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಎಂದರೆ 1998ರ ಕ್ರಯಪತ್ರಕ್ಕೆ ಸಹಿ ಬೀಳುವ ಹೊತ್ತಿಗೆ, ಸಹಿ ಹಾಕಿದವರಿಗೆ ಯಾವ ಅಧಿಕಾರವೂ ಉಳಿದಿರಲಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದು ನೋಂದಣಿಯಾಯಿತೆಂಬುದು ಈ ಕೊರತೆಯನ್ನು ತುಂಬಲಿಲ್ಲ. ಜಿಪಿಎ ಬರೆದ ಮೇಲೆ ಮಾಲೀಕರು ಜೀವಂತವಾಗಿದ್ದ ಸುಮಾರು ಹನ್ನೊಂದು ವರ್ಷಗಳಲ್ಲಿ ಯಾವ ದಿನ ಬೇಕಾದರೂ ಒಂದು ಕ್ರಯಪತ್ರ ಆಗಬಹುದಾಗಿತ್ತು ಎಂಬುದನ್ನು ನೆನೆದರೆ, ಪತ್ರದ ಅವಧಿಯನ್ನು ಮರೆಯುವುದರ ಬೆಲೆ ಎಷ್ಟೆಂದು ತಿಳಿಯುತ್ತದೆ.

ಇಂಥ ಏರ್ಪಾಡಿಗೆ ಹಲವೆಡೆ ಮೂರನೆಯ ಕಾಗದವಾಗಿ ಉಯಿಲನ್ನೂ ಸೇರಿಸುತ್ತಾರೆ. ಮುದ್ರಾಂಕ ಶುಲ್ಕವನ್ನು ಉಳಿಸಲೋ ಪರಭಾರೆಗೆ ನಿರ್ಬಂಧವಿರುವ ಜಾಗವನ್ನು ಕೈಬದಲಾಯಿಸಲೋ ಕ್ರಯಪತ್ರವನ್ನು ಬಿಟ್ಟು, ಕರಾರು, ಜಿಪಿಎ, ಉಯಿಲು ಈ ಮೂರನ್ನು ಕೊಳ್ಳುವವರಿಗೆ ಬರೆದುಕೊಡುವ ರೂಢಿ ದೆಹಲಿಯಿಂದ ಬೆಂಗಳೂರಿನವರೆಗೂ ಹಬ್ಬಿತ್ತು. ಮಾರಿದವನು ಸತ್ತು ಜಿಪಿಎ ಮುಗಿದರೂ ಉಯಿಲು ಕೈಹಿಡಿಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರಿದ್ದ ಪೀಠ, ಈ ಮೂರು ಕಾಗದ ಕೂಡಿದರೂ ಸ್ಥಿರಾಸ್ತಿಯ ಒಡೆತನ ವರ್ಗಾವಣೆಯಾಗುವುದಿಲ್ಲವೆಂದು ಸಾರಿತು. ಉಯಿಲಿನ ಮಟ್ಟಿಗೆ ಕಾರಣ ಅದರ ಸ್ವಭಾವದಲ್ಲೇ ಇದೆ: ಹಣ ಪಡೆದು ಬರೆದ ಉಯಿಲನ್ನೂ ಮಾರಿದವನು ಮರುದಿನವೇ ಬೇರೊಂದು ಉಯಿಲಿನಿಂದ ರದ್ದು ಮಾಡಬಹುದು, ಮತ್ತು ಅವನು ಬದುಕಿರುವವರೆಗೆ ಕೊಂಡವನ ಕೈಯಲ್ಲಿ ಇರುವುದು ಬರಿಯ ನಿರೀಕ್ಷೆ. ಅದೇ ತೀರ್ಪು, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಮುಂತಾದವರಿಗೆ ಆಸ್ತಿ ನೋಡಿಕೊಳ್ಳಲು ಅಥವಾ ಮಾರಲು ಕೊಡುವ ಪ್ರಾಮಾಣಿಕ ಮುಖ್ತ್ಯಾರ ಪತ್ರಗಳಿಗೆ ತನ್ನಿಂದ ಬಾಧೆಯಿಲ್ಲವೆಂದೂ ಸ್ಪಷ್ಟಪಡಿಸಿದೆ. ವಿದೇಶದಲ್ಲಿರುವ ಕನ್ನಡಿಗರು ಊರಿನ ಮನೆಯ ವ್ಯವಹಾರಕ್ಕಾಗಿ ತಮ್ಮನಿಗೋ ತಂಗಿಗೋ ಕೊಡುವ ಪತ್ರ ಈ ಗುಂಪಿಗೆ ಸೇರಿದ್ದು. ಅದನ್ನು ಅಲ್ಲಿಯ ನೋಟರಿಯ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಸಹಿ ಮಾಡಿ, ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕಾಗುತ್ತದೆ.

ಎರಡು ಪತ್ರಗಳೂ ಬೇರೆ ಬೇರೆ ಕಾಲದಲ್ಲಿ ನಡೆಯುತ್ತವಾದರೂ ಮೊದಲನೆಯದು ಎರಡನೆಯದನ್ನು ಬರಿದು ಮಾಡಬಲ್ಲದು. ಉಯಿಲು ಹಂಚುವುದು ಸಾವಿನ ಹೊತ್ತಿಗೆ ಏನು ಉಳಿದಿದೆಯೋ ಅದನ್ನು. ಮೇಲಿನ ಶಿಕ್ಷಕಿಯ ಜಿಪಿಎಯಲ್ಲಿ ಮಾರುವ ಅಧಿಕಾರವೂ ಇದ್ದು, ಅವರ ಅರಿವಿರುವಾಗಲೇ ಮನೆ ಮಾರಾಟವಾಗಿ ಹಣ ಅವರ ಠೇವಣಿಗೆ ಸೇರಿದ್ದರೆ, ಮನೆಯನ್ನು ಮಗಳಿಗೆ ಬಿಟ್ಟ ಉಯಿಲಿನ ಮಾತು ಬರಿದಾಗುತ್ತದೆ. ಮನೆಯ ಹಣ ಮನೆಯ ಸ್ಥಾನವನ್ನು ತಾನಾಗಿ ಪಡೆಯುವುದಿಲ್ಲವಾದ್ದರಿಂದ ಅದು ಠೇವಣಿಗಳೊಂದಿಗೆ ಮಗನಿಗೆ ಹೋಗುತ್ತದೆ. ಯಾರೂ ವಂಚಿಸದಿದ್ದರೂ ತಾಯಿ ಬಯಸಿದ ಹಂಚಿಕೆ ತಲೆಕೆಳಗಾಗುತ್ತದೆ. ಹೀಗಾಗಿ ಮಾರುವ ಅಧಿಕಾರವನ್ನು ಜಿಪಿಎಯಲ್ಲಿ ಬರೆಯುವ ಮುನ್ನ ಉಯಿಲನ್ನು ಪಕ್ಕದಲ್ಲಿಟ್ಟು ಓದುವುದು, ಮಾರಾಟದ ಹಣ ಯಾರಿಗೆ ಸೇರಬೇಕೆಂಬುದನ್ನು ಉಯಿಲಿನಲ್ಲೇ ಹೇಳುವುದು ಅಗತ್ಯ.

ಸಾವಿನ ನಂತರದ ಮೊದಲ ದಿನಗಳಲ್ಲಿ ಆಗುವ ತಪ್ಪು ಇನ್ನೊಂದಿದೆ. ತಂದೆಯ ಎಟಿಎಂ ಕಾರ್ಡು, ಸಹಿ ಮಾಡಿಟ್ಟ ಚೆಕ್ಕು, ಜಿಪಿಎ ಇವೆಲ್ಲ ಮಗನ ಕೈಯಲ್ಲಿರುತ್ತವೆ, ಅಂತ್ಯಕ್ರಿಯೆಯ ಖರ್ಚು ಎದುರಿಗಿರುತ್ತದೆ, ಅವನು ಖಾತೆಯಿಂದ ಹಣ ತೆಗೆಯುತ್ತಾನೆ. ಸಾವಿನ ಸುದ್ದಿ ತಿಳಿಯದೆ ಸದ್ಭಾವನೆಯಿಂದ ವ್ಯವಹರಿಸಿದ ಏಜೆಂಟನಿಗೂ ಮೂರನೆಯವರಿಗೂ ಕಾನೂನು ರಕ್ಷಣೆ ಕೊಡುತ್ತದೆ. ಮಗನಿಗೆ ತಂದೆಯ ಸಾವು ತಿಳಿದೇ ಇರುವುದರಿಂದ ಆ ರಕ್ಷಣೆ ಅವನಿಗೆ ಒದಗದು, ಮತ್ತು ಆ ಹಣಕ್ಕೆ ಅವನು ಉಳಿದ ವಾರಸುದಾರರಿಗೆ ಉತ್ತರ ಹೇಳಬೇಕಾಗುತ್ತದೆ. ಹಾಗೆಂದು ಮುಖ್ತ್ಯಾರನು ಕೈಕಟ್ಟಿ ಕೂರಬೇಕೆಂದಲ್ಲ. ಯಜಮಾನ ಸತ್ತಾಗ ಅಥವಾ ಅಸ್ವಸ್ಥಚಿತ್ತನಾದಾಗ, ತನಗೆ ಒಪ್ಪಿಸಿದ ಹಿತಗಳನ್ನು ಕಾಪಾಡಲು ಅವನ ಪ್ರತಿನಿಧಿಗಳ ಪರವಾಗಿ ಏಜೆಂಟನು ಯುಕ್ತವಾದ ಕ್ರಮಗಳನ್ನು ಕೈಗೊಳ್ಳಲೇಬೇಕೆಂದು 209ನೇ ಕಲಮು ವಿಧಿಸುತ್ತದೆ. ಕಟಾವಿಗೆ ಬಂದ ಬೆಳೆಯನ್ನು ಹೊಲದಲ್ಲಿ ಕೊಳೆಯಲು ಬಿಡದೆ ಕುಯ್ಯಿಸಿ ಲೆಕ್ಕವಿಡುವುದು ಇದರೊಳಗೆ ಬರುತ್ತದೆ, ಹೊಲವನ್ನು ಮಾರುವುದು ಬರುವುದಿಲ್ಲ.

ಉಯಿಲು ಜೀವ ತಳೆಯುವ ಹೊತ್ತಿಗೆ ಅದನ್ನು ಬರೆದವರು ಸಾಕ್ಷಿ ನುಡಿಯಲು ಇರುವುದಿಲ್ಲ ಎಂಬುದೂ ಕಾಲದ ಭೇದದ ಇನ್ನೊಂದು ಪರಿಣಾಮ. ಜಿಪಿಎಯ ಬಗ್ಗೆ ಸಂಶಯ ಬಂದರೆ ಕೊಟ್ಟವರನ್ನೇ ಕೇಳಬಹುದು. ಉಯಿಲಿಗೆ ಆ ದಾರಿಯಿಲ್ಲವಾದ್ದರಿಂದಲೇ ತಕರಾರು ಬಂದಾಗ ಸಹಿ ಮಾಡಿದ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ, ಅವರು ಬದುಕಿದ್ದರೆ, ನ್ಯಾಯಾಲಯಕ್ಕೆ ಕರೆತರಬೇಕೆಂಬ ನಿಯಮವಿದೆ. ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರೆ, ಆ ಸಂಶಯವನ್ನು ಹೋಗಲಾಡಿಸುವ ಹೊಣೆಯೂ ಅವರದೇ ಎಂದು, ಹಳೆಯ ಮೈಸೂರು ಪ್ರಾಂತ್ಯದಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1958ರ ನವೆಂಬರಿನಲ್ಲಿ ಹೇಳಿದ್ದು ಇಂದಿಗೂ ಅಳತೆಗೋಲಾಗಿದೆ. ವಯಸ್ಸಿನಲ್ಲಿ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ ಸಾಕ್ಷಿಗಳನ್ನು ಆರಿಸಿಕೊಳ್ಳುವುದರ ಹಿಂದಿನ ವಿವೇಕ ಇದೇ.

ಇಷ್ಟಾದರೂ ಅರಿವು ತಪ್ಪಿದ ನಂತರ, ಸಾವಿಗೆ ಮೊದಲು ಬರುವ ಆ ಬಯಲು ಅವಧಿ ಹಾಗೆಯೇ ಉಳಿಯುತ್ತದೆ. ಅದನ್ನು ಸ್ವಲ್ಪಮಟ್ಟಿಗೆ ತುಂಬುವ ಉಪಾಯಗಳಿವೆ. ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು ಹಣ ತೆಗೆಯಬಹುದಾದ ಜಂಟಿ ಖಾತೆಯನ್ನು ಮಗಳು ನಡೆಸುವುದು ಮುಖ್ತ್ಯಾರಳಾಗಿ ಅಲ್ಲ, ಖಾತೆದಾರಳಾಗಿ. ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿದ್ದರೆ ಟ್ರಸ್ಟಿಗಳ ಅಧಿಕಾರವೂ ಹಾಗೆಯೇ ಮುಂದುವರಿಯುತ್ತದೆ. ಇವಾವುವೂ ಇಲ್ಲದಿದ್ದಾಗ ಕುಟುಂಬದವರು ಪಾಲಕತ್ವಕ್ಕಾಗಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಗಿ ಬರುತ್ತದೆ. ಕೋಮಾದಲ್ಲಿರುವ ರೋಗಿಗಳ ವಿಷಯದಲ್ಲಿ ಕೇರಳ ಉಚ್ಚ ನ್ಯಾಯಾಲಯ, ಸ್ಪಷ್ಟವಾದ ಶಾಸನವೇ ಇಲ್ಲದಿರುವುದನ್ನು ಗುರುತಿಸಿ, 2019ರಲ್ಲಿ ತಾನೇ ಮಾರ್ಗಸೂಚಿ ರೂಪಿಸಬೇಕಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ ನಾಮನಿರ್ದೇಶಿತ ಪ್ರತಿನಿಧಿಯ ಏರ್ಪಾಡು ಮಾಡಿದೆಯಾದರೂ ಅದು ಚಿಕಿತ್ಸೆಗೆ ಸಂಬಂಧಿಸಿದ್ದು. ಆ ಪ್ರತಿನಿಧಿ ಠೇವಣಿ ಮುರಿಸಲಾರರು.

ಇಂಗ್ಲೆಂಡಿನಲ್ಲಿ 2005ರ ಮಾನಸಿಕ ಸಾಮರ್ಥ್ಯ ಅಧಿನಿಯಮ ಇದಕ್ಕೊಂದು ದಾರಿ ಮಾಡಿದೆ. ಅರಿವು ಸ್ಪಷ್ಟವಾಗಿರುವಾಗಲೇ ಬರೆದ ಬಾಳಿಕೆಯ ಮುಖ್ತ್ಯಾರ ಪತ್ರವನ್ನು ಸರ್ಕಾರದ ಸಾರ್ವಜನಿಕ ಪಾಲಕರ ಕಚೇರಿಯಲ್ಲಿ ನೋಂದಾಯಿಸಿದರೆ, ಬರೆದವರ ಸಾಮರ್ಥ್ಯ ಹೋದ ಮೇಲೂ ಅದು ಉಳಿಯುತ್ತದೆ. ಪತ್ರ ಬರೆದವರಿಗೆ ಅದರ ಅರ್ಥ ತಿಳಿದಿದೆ, ಅವರ ಮೇಲೆ ಒತ್ತಡವಿಲ್ಲ ಎಂದು ಸ್ವತಂತ್ರ ವ್ಯಕ್ತಿಯೊಬ್ಬರು ಪ್ರಮಾಣೀಕರಿಸಬೇಕು, ಮುಖ್ತ್ಯಾರನು ದಾರಿ ತಪ್ಪಿದರೆ ಪಾಲಕರ ಕಚೇರಿ ವಿಚಾರಿಸಬಹುದು, ನ್ಯಾಯಾಲಯ ಅವನನ್ನು ತೆಗೆದುಹಾಕಬಹುದು. ಭಾರತದಲ್ಲಿ ಇಂಥ ಕಾನೂನು ಬಂದರೆ ಮುದುಕರ ಆಸ್ತಿಯನ್ನು ಕಬಳಿಸುವವರಿಗೆ ಬಾಗಿಲು ತೆರೆದಂತಾಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು, ಏಕೆಂದರೆ ಯಜಮಾನರು ಪ್ರಶ್ನಿಸಲಾರದ ಸ್ಥಿತಿಯಲ್ಲಿರುವಾಗ ನಡೆಯುವ ಅಧಿಕಾರ ಅಪಾಯಕಾರಿಯೇ. ಆದರೆ ಈಗಿನ ಸ್ಥಿತಿಯಲ್ಲಿ ಆ ಅಪಾಯ ಇಲ್ಲದಿಲ್ಲ. ಅರಿವು ತಪ್ಪಿದ ಸಂಗತಿಯನ್ನು ಬ್ಯಾಂಕಿಗೂ ನೋಂದಣಿ ಕಚೇರಿಗೂ ತಿಳಿಸದೆ ಹಳೆಯ ಜಿಪಿಎಯನ್ನೇ ಚಲಾಯಿಸುವವರಿಗೆ ಯಾವ ಮೇಲ್ವಿಚಾರಣೆಯೂ ಇಲ್ಲ, ನಿಜ ಹೇಳಿ ಹಣ ಕೇಳುವ ಮಗಳಿಗೆ ಮಾತ್ರ ಅಡ್ಡಿಯಿದೆ. ನೋಂದಣಿ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಹೊಣೆ, ಸ್ಥಿರಾಸ್ತಿ ಮಾರಲು ಜಿಲ್ಲಾ ನ್ಯಾಯಾಲಯದ ಅನುಮತಿ, ಈ ಮೂರು ಷರತ್ತುಗಳೊಂದಿಗೆ ಬಾಳಿಕೆಯ ಮುಖ್ತ್ಯಾರ ಪತ್ರಕ್ಕೆ ಮಾನ್ಯತೆ ಕೊಡುವ ತಿದ್ದುಪಡಿಯನ್ನು 1882ರ ಅಧಿನಿಯಮಕ್ಕೆ ತರುವುದು ಸಂಸತ್ತಿನಿಂದ ಆಗಬೇಕಾದ ಕೆಲಸ.